ಡಿವಿಡೆಂಡ್‌ನಲ್ಲಿ ಟಿಡಿಎಸ್ ಹಿಡಿದ ಮೇಲೆ ರಿಟರ್ನ್‌ನಲ್ಲೂ ತೋರಿಸಬೇಕಾ?

"ಒಂದು ಕಂಪನಿಯ 600 ಶೇರು ಇದೆ. 2025ರ ಆಗಸ್ಟ್‌ನಲ್ಲಿ ಶೇರಿಗೆ 10 ರೂಪಾಯಿಯಂತೆ 6,000 ಪೂರ್ತಿ ಬಂತು. 2026ರ ಜನವರಿಯಲ್ಲೂ ಅಷ್ಟೇ ಘೋಷಿಸಿದರು, ಆದರೆ ಬ್ಯಾಂಕಿಗೆ ಬಂದಿದ್ದು 4,800. 10% ಅಂದ್ರೆ 600 ತಾನೇ? ಹೇಗೂ ಟ್ಯಾಕ್ಸ್ ಹಿಡಿದಾಯ್ತು, ಇನ್ನು ರಿಟರ್ನ್‌ನಲ್ಲಿ ತೋರಿಸಬೇಕಾ?"

ತೋರಿಸಲೇಬೇಕು. ಮೊದಲು ಆ 1,200ರ ಲೆಕ್ಕ ನೋಡೋಣ.

2025-26ರಲ್ಲಿ ಒಂದು ಕಂಪನಿ ಒಬ್ಬ ವ್ಯಕ್ತಿಗೆ ಕೊಡುವ ಡಿವಿಡೆಂಡ್ ವರ್ಷಕ್ಕೆ 10,000 ದಾಟಿದರೆ ಮಾತ್ರ ಟಿಡಿಎಸ್. ಹಿಂದಿನ ವರ್ಷದ ತನಕ ಈ ಮಿತಿ 5,000 ಇತ್ತು. ಆಗಸ್ಟ್‌ನಲ್ಲಿ ನೀವು ಮಿತಿಯೊಳಗೇ ಇದ್ದಿರಿ. ಜನವರಿಯಲ್ಲಿ ಒಟ್ಟು 12,000 ಆಯ್ತು. ಮಿತಿ ದಾಟಿದರೆ ಮೇಲಿನ 2,000ಕ್ಕಲ್ಲ, ಪೂರ್ತಿ 12,000ಕ್ಕೆ 10% ಹಿಡಿಯುತ್ತಾರೆ. ಆಗಸ್ಟ್‌ನ ಪಾಲನ್ನೂ ಸೇರಿಸಿ ಜನವರಿಯಲ್ಲೇ ಮುರಿದುಕೊಂಡಿದ್ದಾರೆ. ಪ್ಯಾನ್ ತೊಂದರೆಯಿಂದ 20% ಹಿಡಿದರೇನೋ ಅನ್ನಿಸಬಹುದು, ಯಾಕಂದ್ರೆ 6,000ಕ್ಕೆ 20% ಅಂದ್ರೂ 1,200ನೇ. ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಲೆಕ್ಕ ಇರುವ ಫಾರ್ಮ್ 26ಎಎಸ್ ತೆರೆದು ಕಂಪನಿಯ ಹೆಸರಿನ ಎದುರು ನೋಡಿ: ಪಾವತಿ 12,000, ತೆರಿಗೆ 1,200 ಅಂತಿದ್ದರೆ ಎಲ್ಲ ಸರಿ ಇದೆ.

ಈಗ ಮುಖ್ಯ ವಿಷಯ. ಟಿಡಿಎಸ್ ಅನ್ನೋದು ನಿಮ್ಮ ಲೆಕ್ಕದಲ್ಲಿ ಮುಂಚೆಯೇ ಕಟ್ಟಿದ ಹಣ, ಅಷ್ಟೇ. 2020ರ ಮಾರ್ಚ್ ತನಕ ಕಂಪನಿಯೇ ಡಿವಿಡೆಂಡ್ ಹಂಚಿಕೆ ತೆರಿಗೆ ಕಟ್ಟುತ್ತಿತ್ತು, ಹೆಚ್ಚಿನ ಶೇರುದಾರರಿಗೆ ಆ ಹಣ ತೆರಿಗೆಯಿಲ್ಲದೆ ಸಿಗುತ್ತಿತ್ತು. ಅದೇ ಅಭ್ಯಾಸ ಇನ್ನೂ ಹಲವರನ್ನು ಬಿಟ್ಟಿಲ್ಲ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ.

ನೀವು 30% ಸ್ಲ್ಯಾಬ್‌ನಲ್ಲಿದ್ದೀರಿ ಅಂದುಕೊಳ್ಳಿ. 12,000ಕ್ಕೆ ತೆರಿಗೆ 3,600, ಅದರ ಮೇಲೆ 4% ಸೆಸ್ 144, ಒಟ್ಟು 3,744. ಹಿಡಿದ 1,200 ಕಳೆದರೆ ಇನ್ನೂ 2,544 ಕಟ್ಟಬೇಕು. ವರ್ಷದ ಒಟ್ಟು ತೆರಿಗೆ ಸೊನ್ನೆಯೇ ಆಗಿದ್ದರೆ ಆ 1,200 ರಿಫಂಡ್ ಆಗಿ ವಾಪಸ್ ಬರುತ್ತದೆ, ಆದರೆ ಅದಕ್ಕೂ ರಿಟರ್ನ್ ಹಾಕಲೇಬೇಕು.

ರಿಟರ್ನ್ ತುಂಬುವಾಗ ಜನ ಎಡವೋದು ಒಂದೇ ಕಡೆ. ಬ್ಯಾಂಕಿಗೆ ಬಂದ 10,800 ಬರೆಯುತ್ತಾರೆ. ಹಾಗೆ ಮಾಡಬೇಡಿ. 'ಇತರ ಮೂಲಗಳ ಆದಾಯ'ದಲ್ಲಿ 12,000 ಬರೆದು, 1,200ನ್ನು ಟಿಡಿಎಸ್ ಕಡೆ ಪಡೆಯಿರಿ. ಬೇರೆ ಕಂಪನಿಗಳಿಂದ ಟಿಡಿಎಸ್ ಇಲ್ಲದೆ ಬಂದ ಐನೂರು, ಸಾವಿರವೂ ಸೇರಬೇಕು. ಅವು ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಸಾಮಾನ್ಯವಾಗಿ ಕಾಣುತ್ತವೆ. ಯಾವ ಅವಧಿಯಲ್ಲಿ ಎಷ್ಟು ಬಂತು ಅಂತ ಬಿಡಿಸಿ ತುಂಬಲು ರಿಟರ್ನ್‌ನಲ್ಲೇ ಜಾಗ ಇದೆ, ಅದನ್ನು ಖಾಲಿ ಬಿಡಬೇಡಿ. ಜನವರಿಯಲ್ಲಿ ಬಂದ ಹಣಕ್ಕೆ ಜೂನ್‌ನಲ್ಲೇ ಮುಂಗಡ ತೆರಿಗೆ ಕಟ್ಟಲಿಲ್ಲ ಅಂತ ಬಡ್ಡಿ ಬೀಳದಂತೆ ಅದು ಕಾಯುತ್ತದೆ.