ನಂಜನಗೂಡಿನ ಗೆಜ್ಜೆ, ಸವದತ್ತಿಯ ಮುತ್ತು

ಪ್ರಶ್ನೆ: ನಮ್ಮ ತಾಯಿಯ ಮುತ್ತಜ್ಜಿಯ ಅಕ್ಕ ಮೈಸೂರು ಸೀಮೆಯ ದೊಡ್ಡ ದೇವಸ್ಥಾನವೊಂದರಲ್ಲಿ ದೇವರ ಮುಂದೆ ಕುಣಿಯುತ್ತಿದ್ದರಂತೆ. ಅವರ ಹೆಸರಿಗೆ ಗದ್ದೆಯೂ ಇತ್ತಂತೆ. ದೇವದಾಸಿಯರು ಗೌರವದಿಂದ ಬಾಳಿದವರು, ಬ್ರಿಟಿಷರೇ ಅವರನ್ನು ಕೆಟ್ಟವರೆಂದು ಕರೆದು ಬೀದಿಗೆ ತಂದರು ಎಂದು ಮನೆಯ ಹಿರಿಯರು ಹೇಳುತ್ತಾರೆ. ಆದರೆ ನಾನು ಕೆಲಸದ ಮೇಲೆ ಸವದತ್ತಿ ಕಡೆ ಇದ್ದಾಗ ಕಂಡ ಜೋಗತಿಯರ ಬದುಕಿನಲ್ಲಿ ಗದ್ದೆಯೂ ಇಲ್ಲ, ಗೌರವವೂ ಇಲ್ಲ. ಯಾವುದನ್ನು ನಂಬಲಿ?
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಎರಡನ್ನೂ ನಂಬಿ. ನಿಮ್ಮ ಮನೆಯವರು ಹೇಳಿದ್ದೂ ನೀವು ಕಂಡದ್ದೂ ಬೇರೆ ಬೇರೆ ವ್ಯವಸ್ಥೆಗಳು. ಅವಕ್ಕೆ ಒಂದೇ ಹೆಸರಿಟ್ಟದ್ದು ಹತ್ತೊಂಬತ್ತನೆಯ ಶತಮಾನದ ಕಚೇರಿ ಮತ್ತು ನ್ಯಾಯಾಲಯ. ಆ ಒಂದು ಹೆಸರಿನಿಂದಾದ ಹಾನಿಯನ್ನು ನಾವು ಇನ್ನೂ ಲೆಕ್ಕ ಹಾಕಿ ಮುಗಿಸಿಲ್ಲ.

ಹಳೆಯ ಶಾಸನಗಳಲ್ಲಿ ‘ದೇವದಾಸಿ’ ಎಂಬ ಪದ ಅಪರೂಪ. ಕನ್ನಡ ಶಾಸನಗಳು ದೇವಾಲಯದ ಪರಿವಾರವನ್ನು ಪಟ್ಟಿ ಮಾಡುವಾಗ ಪಾತ್ರದವರು, ಸೂಳೆಯರು ಎನ್ನುತ್ತವೆ. ಅಲ್ಲಿ ಅದು ಬೈಗುಳವಲ್ಲ, ಹುದ್ದೆಯ ಹೆಸರು. ಮದ್ದಳೆಯವನಿಗೆ ಇಷ್ಟು, ಮಾಲೆಗಾರನಿಗೆ ಇಷ್ಟು ಎನ್ನುವ ಸಾಲಿನಲ್ಲೇ ಇವರ ಪಾಲೂ ಬರುತ್ತದೆ. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ರಾಜರಾಜ ಚೋಳ ಹನ್ನೊಂದನೆಯ ಶತಮಾನದ ಆರಂಭದಲ್ಲಿ ನೆಲೆಗೊಳಿಸಿದ ಸುಮಾರು 400 ಮಂದಿ ಹೆಂಗಸರ ಹೆಸರು, ಅವರು ಬಂದ ಊರು, ಕೊಟ್ಟ ಮನೆ ಎಲ್ಲವೂ ಗೋಡೆಯ ಮೇಲಿವೆ. ಒಬ್ಬೊಬ್ಬರಿಗೆ ವರ್ಷಕ್ಕೆ ನೂರು ಕಲಂ ಭತ್ತದ ಪಾಲು. ದೇವರೊಡನೆ ಮದುವೆ, ಗೆಜ್ಜೆಪೂಜೆ, ಮುದ್ರೆ ಎಲ್ಲ ಇದ್ದವು ನಿಜ. ಆದರೆ ಹೆಣ್ಣುಮಗಳನ್ನು ದೇವಸ್ಥಾನಕ್ಕೆ ಕಟ್ಟಿ ನಿಲ್ಲಿಸಿದ್ದು ಭೂಮಿ, ಭತ್ತ ಮತ್ತು ವಂಶಪಾರಂಪರ್ಯದ ಹಕ್ಕು. ಮುಂದಿನ ಜಗಳವೆಲ್ಲ ಅರ್ಥವಾಗಬೇಕಾದರೆ ಇದನ್ನು ನೆನಪಿನಲ್ಲಿಡಬೇಕು.

ಈ ಹಕ್ಕು ಎಷ್ಟು ದೊಡ್ಡದೆಂದು ಇಂದಿನವರಿಗೆ ತಟ್ಟನೆ ಹೊಳೆಯುವುದಿಲ್ಲ. 1956ರ ಉತ್ತರಾಧಿಕಾರ ಕಾಯಿದೆ ಬರುವವರೆಗೆ ಹಿಂದೂ ವಿಧವೆಗೆ ಗಂಡನ ಆಸ್ತಿಯಲ್ಲಿ ಹೆಚ್ಚೆಂದರೆ ಬದುಕಿರುವವರೆಗಿನ ಅನುಭೋಗ ದಕ್ಕುತ್ತಿತ್ತು. ಮಾರುವ, ಮನಸ್ಸು ಬಂದವರಿಗೆ ಕೊಡುವ ಪೂರ್ಣ ಅಧಿಕಾರ ಇರಲಿಲ್ಲ. ದೇವಸ್ಥಾನದ ಕಲಾವಂತೆಯ ಮನೆಯಲ್ಲಾದರೆ ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತಿತ್ತು. ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವ ರೂಢಿಯೂ ಇತ್ತು. ಅದರ ಬೆಲೆಯಾಗಿ ಅವಳು ಮದುವೆಯಾಗುವಂತಿರಲಿಲ್ಲ. ಊರಿನ ಉಳ್ಳವನೊಬ್ಬನ ಆಶ್ರಯಕ್ಕೆ ಬರುವುದು ಬಹುತೇಕ ತಪ್ಪುತ್ತಿರಲಿಲ್ಲ. ಗೆಜ್ಜೆ ಕಟ್ಟಿಸಿಕೊಳ್ಳುವಾಗ ಅವಳಿನ್ನೂ ಮಗು. ಅವಳ ಒಪ್ಪಿಗೆಯನ್ನು ಯಾರೂ ಕೇಳುತ್ತಿರಲಿಲ್ಲ. ‘ಗೌರವದ ಬದುಕು’ ಎಂದು ಹೇಳುವವರು ಈ ಕೊನೆಯ ಮಾತನ್ನು ನುಂಗಿಬಿಡುತ್ತಾರೆ. ನಾನು ನುಂಗಲಾರೆ.

ಬ್ರಿಟಿಷ್ ನ್ಯಾಯಾಲಯಗಳು ಇದನ್ನು ನೋಡಿದ ಬಗೆಯಲ್ಲಿ ಒಂದು ಬಿರುಕಿತ್ತು. 1860ರ ಭಾರತೀಯ ದಂಡ ಸಂಹಿತೆಯ 372 ಮತ್ತು 373ನೆಯ ಕಲಮುಗಳು ಅಪ್ರಾಪ್ತ ಹೆಣ್ಣುಮಕ್ಕಳನ್ನು ವೇಶ್ಯಾವೃತ್ತಿಗಾಗಿ ಮಾರುವುದನ್ನೂ ಪಡೆಯುವುದನ್ನೂ ಅಪರಾಧವೆಂದವು. ದೇವಸ್ಥಾನಕ್ಕೆ ಹುಡುಗಿಯನ್ನು ಬಿಡುವುದೂ ಇದರೊಳಗೆ ಬರುತ್ತದೆಂದು ಮದ್ರಾಸ್ ಹೈಕೋರ್ಟು 1870ರ ದಶಕದಲ್ಲಿ ತೀರ್ಪು ಕೊಡತೊಡಗಿತು. ಅದೇ ದಶಕದಲ್ಲಿ, 1878ರಲ್ಲಿ, ದೇವಸ್ಥಾನದ ನರ್ತಕಿಯರ ಒಂದು ಸಿವಿಲ್ ದಾವೆ ಅದೇ ನ್ಯಾಯಾಲಯದ ಮುಂದೆ ಬಂತು. ವಂಶಪಾರಂಪರ್ಯವಾಗಿ ಬಂದ ಹುದ್ದೆ ತಮ್ಮದು, ತಮ್ಮನ್ನು ಕೇಳದೆ ಧರ್ಮದರ್ಶಿ ಹೊಸಬರನ್ನು ಸೇರಿಸಿಕೊಳ್ಳಬಾರದು ಎಂಬುದು ಅವರ ವಾದ. ಹುದ್ದೆಗೆ ಉಂಬಳಿ ಅಂಟಿಕೊಂಡಿರುವುದರಿಂದ ಇಂಥ ದಾವೆಯನ್ನು ಆಲಿಸಬಹುದೆಂದು ಕೋರ್ಟು ಹೇಳಿತು. ಹೀಗೆ ಒಂದು ಕೊಠಡಿಯಲ್ಲಿ ಹುದ್ದೆ ಆಸ್ತಿಯಾಯಿತು, ಪಕ್ಕದ ಕೊಠಡಿಯಲ್ಲಿ ಆ ಹುದ್ದೆಗೆ ಸೇರಿಸುವುದು ಅಪರಾಧವಾಯಿತು. ಬೊಂಬಾಯಿ ಹೈಕೋರ್ಟು ಇನ್ನೂ ಕಟುವಾಗಿತ್ತು. ನಾಯ್ಕಿಣಿಯರು ಎಂದು ಕರೆಸಿಕೊಳ್ಳುತ್ತಿದ್ದ ಆ ಸೀಮೆಯ ನರ್ತಕಿಯರು ಹೆಣ್ಣುಮಕ್ಕಳನ್ನು ದತ್ತು ತೆಗೆದುಕೊಳ್ಳುವ ರೂಢಿಗೆ ಕಾನೂನಿನ ಮಾನ್ಯತೆಯೇ ಇಲ್ಲವೆಂದು 1880ರಲ್ಲಿ ತೀರ್ಮಾನಿಸಿತು.

ಹಾಗೆಂದು ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟುವುದು ಸರಿಯಲ್ಲ. 1893ರಲ್ಲಿ ಮದ್ರಾಸಿನ ಹಿಂದೂ ಸಮಾಜ ಸುಧಾರಕರು, ನರ್ತಕಿಯರ ಕುಣಿತವಿರುವ ಸಮಾರಂಭಗಳಿಗೆ ಹೋಗಬೇಡಿ ಎಂದು ವೈಸ್‌ರಾಯ್ ಮತ್ತು ಗವರ್ನರ್‌ಗೆ ಮನವಿ ಕೊಟ್ಟಾಗ ಅದನ್ನು ಪಕ್ಕಕ್ಕಿಟ್ಟವರು ಆ ಆಂಗ್ಲ ಅಧಿಕಾರಿಗಳೇ. ಚಳವಳಿಯನ್ನು ಹೊತ್ತವರು ಇಂಗ್ಲಿಷ್ ಕಲಿತ ನಮ್ಮವರು. ದೇವಸ್ಥಾನದ ಬಾಗಿಲನ್ನು ಮೊದಲು ಮುಚ್ಚಿದ ಸರ್ಕಾರಗಳಲ್ಲಿ ಒಂದು ಒಬ್ಬ ಹಿಂದೂ ಅರಸನದು, ಅದೂ ನಮ್ಮ ಮೈಸೂರಿನದು.

ನಿಮ್ಮ ಮನೆಯ ಕಥೆ ಇಲ್ಲಿಗೆ ಬಂದು ಸೇರುತ್ತದೆ. ಮೈಸೂರು ಸಂಸ್ಥಾನದ ದೊಡ್ಡ ದೇವಸ್ಥಾನಗಳು ಮುಜರಾಯಿ ಇಲಾಖೆಯ ಕೈಯಲ್ಲಿದ್ದವು. ದೇವಸ್ಥಾನದ ಖರ್ಚಿಗೆಂದು ಗೊತ್ತುಮಾಡಿದ ತಸ್ತೀಕು ಹಣ ಖಜಾನೆಯಿಂದ ಬರುತ್ತಿತ್ತು. ಆದ್ದರಿಂದ ಇಲ್ಲಿ ಹೊಸ ಕಾಯಿದೆಯೇ ಬೇಕಾಗಲಿಲ್ಲ, ಒಂದು ಆದೇಶ ಸಾಕಾಯಿತು. 1890ರ ದಶಕದಿಂದಲೇ ಬಿಗಿಯಾಗುತ್ತ ಬಂದ ಈ ನೀತಿಯ ವಿರುದ್ಧ ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ದೇವದಾಸಿಯರು ಸರ್ಕಾರಕ್ಕೆ ಅರ್ಜಿ ಹಾಕಿಕೊಂಡರು. 1909ರಲ್ಲಿ ಬಂದ ಅಂತಿಮ ಆದೇಶದ ತರ್ಕ ಗಮನಿಸುವಂಥದ್ದು. ಈ ಸೇವೆ ಶಾಸ್ತ್ರಕ್ಕೆ ವಿರೋಧ ಎಂದು ಸರ್ಕಾರ ಹೇಳಲಿಲ್ಲ. ವ್ಯವಸ್ಥೆಯ ಮೂಲ ಉದ್ದೇಶ ಏನೇ ಇದ್ದಿರಲಿ, ಈಗ ಈ ಸೇವಕಿಯರು ಇರುವ ಅನೈತಿಕ ಸ್ಥಿತಿಯೊಂದೇ ಅವರನ್ನು ಪವಿತ್ರ ಸ್ಥಳದ ಎಲ್ಲ ಸೇವೆಯಿಂದ ಹೊರಗಿಡಲು ಸಾಕು ಎಂದಿತು. ಧರ್ಮ ಶುದ್ಧ, ಹೆಂಗಸು ಅಶುದ್ಧ. ಅವಳನ್ನು ಇಟ್ಟುಕೊಂಡ ಗಂಡಸರು ಅದೇ ದೇವಸ್ಥಾನಕ್ಕೆ ಬಂದು ಮಂಗಳಾರತಿ ತೆಗೆದುಕೊಳ್ಳುವುದಕ್ಕೆ ಆ ಆದೇಶದಿಂದ ಯಾವ ಅಡ್ಡಿಯೂ ಆಗಲಿಲ್ಲ.

ಅದೇ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಮುಂದೆ ಮದ್ರಾಸಿನಲ್ಲಿ ದೊಡ್ಡ ಗಾಯಕಿಯಾದರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರವನ್ನು ತಮ್ಮ ಗಳಿಕೆಯಿಂದ ಕಟ್ಟಿಸಿದವರು ಅವರು. 1927ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಣ್ಣುಮಕ್ಕಳ ಸಮರ್ಪಣೆಯನ್ನು ನಿಲ್ಲಿಸಬೇಕೆಂಬ ನಿರ್ಣಯ ಮಂಡಿಸಿದಾಗ, ಅದನ್ನು ವಿರೋಧಿಸಿದ ದೇವದಾಸಿಯರ ಮುಂಚೂಣಿಯಲ್ಲಿ ನಾಗರತ್ನಮ್ಮ ನಿಂತರು. ನಮ್ಮನ್ನು ವೇಶ್ಯೆಯರೊಡನೆ ಸೇರಿಸಬೇಡಿ, ನಮ್ಮ ಮಕ್ಕಳಿಗೆ ಧರ್ಮ, ಸಾಹಿತ್ಯ, ಕಲೆಗಳ ಶಿಕ್ಷಣ ಕೊಡಿ ಎಂಬುದು ಆ ಸಮುದಾಯದ ಮನವಿಯ ತಿರುಳು. ಎದುರಿಗಿದ್ದ ಮುತ್ತುಲಕ್ಷ್ಮಿಯವರೂ ಹೊರಗಿನವರಲ್ಲ. ಅವರ ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಮೂವಲೂರು ರಾಮಾಮಿರ್ದಂ ಅಮ್ಮೈಯಾರ್ ಅವರಂತೂ ಆ ಬದುಕನ್ನು ಸ್ವತಃ ಕಂಡು, ಹೊರಬಂದು, ಪದ್ಧತಿಯ ವಿರುದ್ಧ ಊರೂರು ತಿರುಗಿದರು. ದೇವದಾಸಿಯರೆಲ್ಲ ಒಂದು ಕಡೆ, ಸುಧಾರಕರೆಲ್ಲ ಇನ್ನೊಂದು ಕಡೆ ಎಂಬ ಚಿತ್ರ ಇಲ್ಲಿಗೇ ಮುರಿದುಬೀಳುತ್ತದೆ. ನಾಗರತ್ನಮ್ಮನವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಮಗುವಿನ ಕೊರಳಿನ ಪ್ರಶ್ನೆ ಬಂದಾಗ ನಾನು ಮುತ್ತುಲಕ್ಷ್ಮಿಯವರ ಪಕ್ಷ.

ಅವರ ಮೊದಲ ಗೆಲುವು ಮದ್ರಾಸಿನ ಹಿಂದೂ ಧಾರ್ಮಿಕ ದತ್ತಿ ಕಾಯಿದೆಗೆ ಬಂದ 1929ರ ತಿದ್ದುಪಡಿ. ಕೆಲಸ ಮಾಡಿದರೆ ಮಾತ್ರ ಭೂಮಿ ಎಂಬ ಷರತ್ತನ್ನು ಅದು ಕಿತ್ತುಹಾಕಿತು. ಸೇವೆ ಬಿಟ್ಟರೂ ಇನಾಮು ಜಮೀನು ಆ ಹೆಂಗಸಿಗೇ ಉಳಿಯುತ್ತಿತ್ತು. ಜಮೀನು ಹೋಗುತ್ತದೆಂಬ ಭಯಕ್ಕೆ ಮಗಳಿಗೆ ಗೆಜ್ಜೆ ಕಟ್ಟುವ ಕಾರಣವನ್ನು ಹೀಗೆ ಬುಡದಲ್ಲೇ ಕತ್ತರಿಸಿದ್ದು ಜಾಣತನದ ಕ್ರಮ. ಸಮರ್ಪಣೆಯನ್ನೇ ನಿಷೇಧಿಸುವ ಮದ್ರಾಸ್ ಕಾಯಿದೆ ಬರುವ ಹೊತ್ತಿಗೆ 1947 ಆಗಿತ್ತು. ಅದು ದೇವಸ್ಥಾನದ ಆವರಣದಲ್ಲಿ, ಉತ್ಸವದಲ್ಲಿ ಹೆಂಗಸರು ಕುಣಿಯುವುದನ್ನೂ ಕುಂಭಾರತಿ ಎತ್ತುವುದನ್ನೂ ಕಾನೂನುಬಾಹಿರ ಎಂದಿತು.

ಈಗ ನೀವು ಕಂಡ ಸವದತ್ತಿಗೆ ಬರೋಣ. ಮುತ್ತು ಕಟ್ಟಿಸಿಕೊಂಡ ಜೋಗತಿಗೆ ದೇವಸ್ಥಾನದ ಸಂಬಳಪಟ್ಟಿಯಲ್ಲಿ ಹೆಸರಿಲ್ಲ. ಉಂಬಳಿಯಿಲ್ಲ, ಕಲಿತ ನೃತ್ಯವಿಲ್ಲ. ಬಹುತೇಕ ದಲಿತ ಕುಟುಂಬದ ಹುಡುಗಿ. ಮನೆಯಲ್ಲಿ ಕಾಯಿಲೆ ಬಿದ್ದಿತೆಂದೋ, ತಲೆಯಲ್ಲಿ ಜಡೆ ಗಂಟುಕಟ್ಟಿತೆಂದೋ, ಎಲ್ಲಮ್ಮ ಕರೆದಳೆಂದು ಕೊರಳಿಗೆ ಕೆಂಪು ಬಿಳಿ ಮಣಿಯ ಸರ ಕಟ್ಟುತ್ತಾರೆ. ಮಂಗಳವಾರ, ಶುಕ್ರವಾರ ಜೋಗ ಬೇಡುವುದು ಅವಳ ಪಾಲಿನ ಸೇವೆ. ಬಳ್ಳಾರಿ ಕಡೆಯ ಬಸವಿಯ ಕಥೆ ಮತ್ತೆ ಬೇರೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ಬಸವಿ ಬಿಟ್ಟರೆ ಅವಳು ತವರಲ್ಲೇ ಉಳಿದು ಮಗನಂತೆ ಆಸ್ತಿಗೆ ವಾರಸುದಾರಳಾಗುತ್ತಿದ್ದಳು, ಅಪ್ಪ ಅಮ್ಮನನ್ನು ಮುಪ್ಪಿನಲ್ಲಿ ಸಾಕುತ್ತಿದ್ದಳು.

ಸುಧಾರಣೆಯ ದೊಡ್ಡ ಚರ್ಚೆ ಈ ಹೆಂಗಸರನ್ನು ಮುಟ್ಟಲೇ ಇಲ್ಲ ಎಂಬುದು ನನ್ನ ದೂರು. 1909ರ ಆದೇಶ ಮುಜರಾಯಿ ಸೇವೆಗೆ ಮಾತ್ರ. 1929ರ ತಿದ್ದುಪಡಿ ಇನಾಮು ಇದ್ದವರಿಗೆ ಮಾತ್ರ. ಜೋಗತಿಗೆ ಕಳೆದುಕೊಳ್ಳಲು ಇನಾಮೂ ಇರಲಿಲ್ಲ, ಹೊರಹಾಕಲು ಹುದ್ದೆಯೂ ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರಗಳಿಗೆ ಅನ್ವಯಿಸಿದ 1934ರ ಬೊಂಬಾಯಿ ಕಾಯಿದೆ ಮುತ್ತು ಕಟ್ಟುವುದನ್ನು ಅಪರಾಧವೆಂದರೂ, ಅರ್ಧ ಶತಮಾನ ಎಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆಯ ಜಾತ್ರೆಗಳಲ್ಲಿ ಮುತ್ತು ಕಟ್ಟುತ್ತಲೇ ಇದ್ದರು. ರಾಜ್ಯಕ್ಕೆಲ್ಲ ಒಂದೇ ಕಾನೂನು ಬಂದದ್ದು 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಯಿಂದ. ಆಮೇಲೆ ಸರ್ಕಾರ 1993-94 ಮತ್ತು 2007-08ರಲ್ಲಿ ಮಾಡಿದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ಹೆಂಗಸರು ಲೆಕ್ಕಕ್ಕೆ ಸಿಕ್ಕರು.

1982ರ ಕಾಯಿದೆಯಲ್ಲಿ ಒಂದು ತೊಡಕಿತ್ತು. ಸಮರ್ಪಣೆಯಲ್ಲಿ ಭಾಗಿಯಾದವರಿಗೆ ಮೂರು ವರ್ಷದವರೆಗೆ ಸಜೆ. ಅದೇ ತಂದೆ, ತಾಯಿ, ಪೋಷಕರು, ಬಂಧುಗಳಾದರೆ ಎರಡರಿಂದ ಐದು ವರ್ಷ. ಮಗುವನ್ನು ಬಿಟ್ಟವರೇ ಅವರಾದ್ದರಿಂದ ಇದು ನ್ಯಾಯವೆನಿಸುತ್ತದೆ. ಆದರೆ ಈಗ ಮುತ್ತು ಕಟ್ಟುವುದು ಗುಡ್ಡದ ಮೇಲಲ್ಲ, ಮನೆಯೊಳಗೆ, ಬಾಗಿಲು ಹಾಕಿಕೊಂಡು. ಅದನ್ನು ಕಣ್ಣಾರೆ ಕಂಡವರೆಂದರೆ ಮನೆಯವರು ಮಾತ್ರ. ಹುಡುಗಿ ದೂರು ಕೊಟ್ಟರೆ ಜೈಲಿಗೆ ಹೋಗುವವಳು ಅವಳ ತಾಯಿ, ಆ ತಾಯಿಯ ಕೊರಳಲ್ಲೂ ಎಷ್ಟೋ ಸಲ ಅದೇ ಮುತ್ತು. ಅಲ್ಲಿ ಈ ಪದ್ಧತಿಯ ವಿರುದ್ಧ ಕೆಲಸ ಮಾಡುವವರು ಹಾಗಾಗಿ ಬೇರೆ ಗುರುತುಗಳನ್ನು ನೋಡುತ್ತಾರೆ: ಶಾಲೆಗೆ ಇದ್ದಕ್ಕಿದ್ದಂತೆ ಬಾರದಾದ ಹುಡುಗಿ, ಬಾಚದೆ ಬಿಟ್ಟ ಗಂಟುಜಡೆ, ಕುಪ್ಪಸದೊಳಗೆ ಮರೆಮಾಡಿದ ಸರ.

ನಿಮ್ಮ ಹಿರಿಯಜ್ಜಿಯ ವಿಷಯ ಪತ್ತೆ ಮಾಡಬೇಕೆಂದಿದ್ದರೆ ದಾರಿಯಿದೆ. ಮುಜರಾಯಿ ದೇವಸ್ಥಾನದ ಸೇವೆಯಾಗಿದ್ದರೆ ಹಳೆಯ ಮುಜರಾಯಿ ಕಡತಗಳಲ್ಲಿ ತಸ್ತೀಕಿನ ವಿವರ ಇರಬಹುದು. ಅವನ್ನು ರಾಜ್ಯ ಪತ್ರಾಗಾರದಲ್ಲಿ ಕೇಳಿ. ಗದ್ದೆಯ ಜಾಡು ಸಿಗಬೇಕಾದದ್ದು ಆ ಊರಿನ ಇನಾಮು ದಾಖಲೆಯಲ್ಲಿ. ಹುಡುಕುವಾಗ ಅವರ ತಂದೆಯ ಹೆಸರಿನಿಂದ ಹುಡುಕಬೇಡಿ, ತಾಯಿಯ ಹೆಸರು ತಿಳಿದುಕೊಂಡು ಹೋಗಿ. ಆ ಮನೆಗಳಲ್ಲಿ ಮಗಳ ಹೆಸರಿನ ಹಿಂದೆ ಬರೆಯುತ್ತಿದ್ದದ್ದು ತಾಯಿಯ ಹೆಸರನ್ನೇ.