ಕಾಲ್ ಹೋಗುತ್ತೆ, ಬ್ಯಾಲೆನ್ಸ್ ಕೋಡ್ ಮಾತ್ರ ಹೋಗಲ್ಲ: ಯಾಕೆ?

ಪ್ರಶ್ನೆ: ಅಪ್ಪನ ಫೋನಲ್ಲಿ ಬ್ಯಾಲೆನ್ಸ್ ನೋಡೋಕೆ `*123#` ಒತ್ತಿದರೆ "Connection problem or invalid MMI code" ಅಂತ ಬರ್ತಿದೆ. ಸಿಗ್ನಲ್ ಫುಲ್ ಇದೆ, ಕಾಲ್ ಹೋಗುತ್ತೆ, ನೆಟ್ ಓಡುತ್ತೆ. ಎರಡು ಸಿಮ್ ಫೋನ್. ಹೋದ ತಿಂಗಳವರೆಗೆ ಸರಿ ಇತ್ತು. ಇದು ಫೋನಿನ ತಪ್ಪೋ, ನೆಟ್‌ವರ್ಕ್ ತಪ್ಪೋ?

ಕಾಲ್ ಹೋಗುತ್ತಿದೆ ಅನ್ನುವುದೇ ನಿಮ್ಮ ದಾರಿ ತಪ್ಪಿಸುತ್ತಿದೆ. ಈಗಿನ ಫೋನುಗಳಲ್ಲಿ ಮಾತು ಹೋಗುವ ದಾರಿ ಬೇರೆ, `*123#` ಹೋಗುವ ದಾರಿ ಬೇರೆ. ಒಂದು ತೆರೆದಿದ್ದು ಇನ್ನೊಂದು ಮುಚ್ಚಿರಬಹುದು. ನಾನು ತಿಪಟೂರಿನಲ್ಲಿ ರೀಚಾರ್ಜ್, ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಮೆಸೇಜ್ ಹಿಡಿದುಕೊಂಡು ಆಗಾಗ ಯಾರಾದರೂ ಬರುತ್ತಲೇ ಇರುತ್ತಾರೆ. ನಾನು ನೋಡಿದವುಗಳಲ್ಲಿ ಜಾಸ್ತಿ ಪಾಲು ಫೋನಿನ ಸೆಟ್ಟಿಂಗ್‌ದೇ.

ಮೊದಲು ಆ ಸಾಲನ್ನೇ ಸರಿಯಾಗಿ ಓದಿ. ಅದರ ನಡುವೆ ಒಂದು "or" ಇದೆ. ಸಂಪರ್ಕ ಸಿಗಲಿಲ್ಲ, ಇಲ್ಲವೇ ಕೋಡ್ ಸರಿಯಿಲ್ಲ, ಎರಡರಲ್ಲಿ ಯಾವುದೋ ಒಂದು ಅಂತ ಆಂಡ್ರಾಯ್ಡ್ ಕೈ ತೊಳೆದುಕೊಳ್ಳುತ್ತದೆ. ಟವರ್ ಬೇಡ ಅಂದರೂ ಇದೇ ಸಾಲು, ಕಂಪನಿಯ ಸರ್ವರ್ ಸುಮ್ಮನಿದ್ದರೂ ಇದೇ ಸಾಲು, ಆ ಕಂಪನಿಗೆ ಅಂಥ ಕೋಡೇ ಇಲ್ಲದಿದ್ದರೂ ಇದೇ ಸಾಲು. ಹಾಗಾಗಿ "ಕೋಡ್ ಇನ್‌ವ್ಯಾಲಿಡ್ ಅಂತಿದೆ, ಹೊಸ ಕೋಡ್ ಹೇಳಿ" ಅಂತ ಗೂಗಲ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಒತ್ತುತ್ತಾ ಕೂರಬೇಡಿ.

ಎರಡು ಸಿಮ್ ಅಂದಿದ್ದೀರಿ. ಆದ್ದರಿಂದ ಕೋಡ್ ಯಾವ ಸಿಮ್‌ನಿಂದ ಹೋಗುತ್ತಿದೆ ಅನ್ನುವುದನ್ನು ಮೊದಲು ನೋಡಿ. ಕಾಲ್‌ಗೆ ಒಂದು ಸಿಮ್ಮನ್ನು ಡೀಫಾಲ್ಟ್ ಮಾಡಿಟ್ಟರೆ ಕೋಡ್ ಕೂಡ ಕೇಳದೆ ಅದರಿಂದಲೇ ಹೊರಡುತ್ತದೆ. ಆ ಸಿಮ್ ಜಿಯೋ ಆಗಿದ್ದು, ನೀವು ಒತ್ತಿದ್ದು ಇನ್ನೊಂದು ಕಂಪನಿಯ ಕೋಡ್ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಜಿಯೋ 2016ರಲ್ಲಿ ಶುರುವಾದಾಗಲೇ ಬರೀ 4ಜಿ. ಅದಕ್ಕೆ 2ಜಿ, 3ಜಿ ಇಲ್ಲವೇ ಇಲ್ಲ. ಅದರಲ್ಲಿ ಬ್ಯಾಲೆನ್ಸ್ ನೋಡಲು ಆ್ಯಪ್ ಇದೆ, 1299ಕ್ಕೆ ಕಾಲ್ ಮಾಡಿದರೆ ಮೆಸೇಜ್ ಬರುತ್ತದೆ. ಸಿಮ್ ಸೆಟ್ಟಿಂಗ್‌ನಲ್ಲಿ ಕಾಲ್‌ಗೆ "Ask every time" ಅಂತ ಇಟ್ಟು, ಸರಿಯಾದ ಸಿಮ್ ಆರಿಸಿ ಇನ್ನೊಮ್ಮೆ ಒತ್ತಿ. ನಂಬರ್ ಪೋರ್ಟ್ ಮಾಡಿಸಿಕೊಂಡವರು ಹಳೇ ಕಂಪನಿಯ ಕೋಡನ್ನೇ ಅಭ್ಯಾಸಬಲದಿಂದ ಒತ್ತುವುದೂ ಉಂಟು. ನನ್ನ ಅಂಗಡಿಗೆ ಬಂದವರಲ್ಲೇ ಅಂಥವರು ಸುಮಾರು ಜನ ಇದ್ದಾರೆ.

ಸಿಮ್ ಸರಿಯಾಗಿದ್ದೂ ಬರುತ್ತಿಲ್ಲ ಅಂದರೆ, ಕೋಡ್ ಹೇಗೆ ಹೋಗುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳಬೇಕು.

ಸ್ಟಾರ್ ಹ್ಯಾಶ್ ಕೋಡಿಗೆ ಯುಎಸ್‌ಎಸ್‌ಡಿ ಅಂತಾರೆ. ಇದು 2ಜಿ ಕಾಲದ ಕೂಸು. ಎಸ್ಸೆಮ್ಮೆಸ್ ಆದರೆ ಎಲ್ಲೋ ಒಂದು ಕಡೆ ಕಾದು, ಫೋನ್ ಸಿಕ್ಕಾಗ ಬರುತ್ತದೆ. ಇದು ಹಾಗಲ್ಲ, ಕಾಲ್ ಇದ್ದ ಹಾಗೆ. ಫೋನು, ಕಂಪನಿಯ ಸರ್ವರು ಎರಡೂ ಆ ಹೊತ್ತಿಗೆ ಕೈ ಹಿಡಿದುಕೊಂಡಿರಬೇಕು. ಒಂದು ಬಿಟ್ಟರೆ ಮುಗಿಯಿತು. 4ಜಿ ಮಾಡಿದ್ದು ಡೇಟಾಕ್ಕೆ. ಮಾತನ್ನು ವೋಲ್ಟೇ ಅಂತ ಆಮೇಲೆ ಅದರ ಮೇಲೆ ಕೂರಿಸಿದರು. ಕೋಡನ್ನೂ ಅದೇ ರೀತಿ 4ಜಿ ಮೇಲೆ ಕಳಿಸುವ ವಿಧಾನ ಇದೆ, ಆದರೆ ಅದು ಫೋನಿಗೂ ಗೊತ್ತಿರಬೇಕು, ನೆಟ್‌ವರ್ಕಿಗೂ ಗೊತ್ತಿರಬೇಕು. ಎರಡರಲ್ಲಿ ಒಂದಕ್ಕೆ ಗೊತ್ತಿಲ್ಲದಿದ್ದರೂ ಫೋನ್ ಏನು ಮಾಡುತ್ತದೆ ಅಂದರೆ, 4ಜಿ ಬಿಟ್ಟು ಒಂದು ಕ್ಷಣ 2ಜಿ ಅಥವಾ 3ಜಿಗೆ ಇಳಿದು, ಕೋಡ್ ಕಳಿಸಿ, ಉತ್ತರ ತಗೊಂಡು, ಮತ್ತೆ 4ಜಿಗೆ ಹತ್ತುತ್ತದೆ. ಎಕ್ಸ್‌ಪ್ರೆಸ್ ಬಸ್ಸು ಊರೊಳಗೆ ಬರಲ್ಲ, ಬೈಪಾಸ್‌ನಲ್ಲಿ ಇಳಿದು ಆಟೋ ಹಿಡೀಬೇಕು, ಅಲ್ವಾ? ಹಾಗೆ. ಏರ್‌ಟೆಲ್ 2020ರ ಹೊತ್ತಿಗೆ 3ಜಿ ನಿಲ್ಲಿಸಿತು. ಅಂಥ ನೆಟ್‌ವರ್ಕ್‌ಗಳಲ್ಲಿ ಇಳಿಯಲು ಉಳಿದಿರುವ ಜಾಗ 2ಜಿ ಒಂದೇ. ಅದನ್ನೂ ಫೋನಿನಲ್ಲಿ ಮುಚ್ಚಿಬಿಟ್ಟರೆ ಕೋಡ್ ಇಳಿಯುವುದೆಲ್ಲಿ?

ಕಳೆದ ವರ್ಷ ರಿಟೈರ್ ಆದ ಮೇಷ್ಟ್ರೊಬ್ಬರು ಬಂದಿದ್ದರು. ನಿಮ್ಮ ಅಪ್ಪನದೇ ಥರದ ತೊಂದರೆ. "ದುಡ್ಡು ಹಾಕ್ಸಿದೀನಿ, ಬ್ಯಾಲೆನ್ಸ್ ಎಷ್ಟಿದೆ ಅಂತ ಹೇಳೋಕೂ ಇವನಿಗೆ ಕಷ್ಟ" ಅಂತ ಫೋನಿಗೇ ಬೈಯುತ್ತಿದ್ದರು. ನಾನು ಮೊದಲು `*#06#` ಒತ್ತಿದೆ. ಐಎಂಇಐ ನಂಬರ್ ಬಂತು. ಇದಕ್ಕೆ ಫೋನೇ ಉತ್ತರ ಕೊಡುತ್ತದೆ, ಸಿಮ್ ಇಲ್ಲದಿದ್ದರೂ ಬರುತ್ತದೆ. ಅದರಿಂದ ಕೀಪ್ಯಾಡ್ ಸರಿಯಿದೆ ಅಂತಷ್ಟೇ ಗೊತ್ತಾಗುತ್ತದೆ, ನೆಟ್‌ವರ್ಕ್ ಬಗ್ಗೆ ಏನೂ ಗೊತ್ತಾಗಲ್ಲ.

ಆಮೇಲೆ ಬ್ಯಾಲೆನ್ಸ್ ಕೋಡ್ ಒತ್ತಿ, ಪರದೆ ಮಧ್ಯ ನೋಡದೆ ಮೇಲಿನ ಸಿಗ್ನಲ್ ಗುರುತನ್ನೇ ನೋಡುತ್ತಾ ನಿಂತೆ. "USSD code running…" ಅಂತ ಚಕ್ರ ಸುತ್ತುತ್ತಿತ್ತು. 4ಜಿ ಅನ್ನುವ ಅಕ್ಷರ ಅಲ್ಲಾಡಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅದೇ ಹಳೇ ಮೆಸೇಜ್. ಕೆಳಗೆ ಇಳಿಯುವ ಫೋನಾದರೆ ಅಲ್ಲಿ 4ಜಿ ಮಾಯವಾಗಿ ಒಂದು ಕ್ಷಣ E ಅಥವಾ 2G ಅಂತ ಕಾಣಿಸಬೇಕು. ಇದು ಇಳಿಯಲು ಹೋಗಲೇ ಇಲ್ಲ. ಡಯಲರ್‌ನಲ್ಲಿ ಇದನ್ನು ಒತ್ತಿದೆ:

```
*#*#4636#*#*
```

ಫೋನ್ ಮಾಹಿತಿಯ ಪುಟ ತೆರೆಯಿತು. ಅದರಲ್ಲಿ "Set preferred network type" ಎದುರಿಗೆ "LTE only" ಅಂತಿತ್ತು, ಅಂದರೆ 4ಜಿ ಮಾತ್ರ. "ಮೇಷ್ಟ್ರೇ, ಇದನ್ನು ಯಾರು ಮುಟ್ಟಿದ್ದು?" ಅಂದೆ. ಹಬ್ಬಕ್ಕೆ ಬಂದಿದ್ದ ತಂಗಿ ಮಗ ಯಾವುದೋ ವಿಡಿಯೋ ನೋಡಿ, ನೆಟ್ ಸ್ಪೀಡ್ ಬರಲಿ ಅಂತ ಮಾಡಿಕೊಟ್ಟು ಹೋಗಿದ್ದ. ವೋಲ್ಟೇ ಇದ್ದದ್ದರಿಂದ ಕಾಲ್ ಚೆನ್ನಾಗಿಯೇ ಹೋಗುತ್ತಿತ್ತು. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಪಟ್ಟಿಯಲ್ಲಿ LTE ಜೊತೆಗೆ GSM, ಅಂದರೆ 2ಜಿ ಕೂಡ ಇರುವ ಆಯ್ಕೆ ಆರಿಸಿ ಮತ್ತೆ ಕೋಡ್ ಒತ್ತಿದೆ. 4ಜಿ ಹೋಯಿತು, ಸಿಗ್ನಲ್ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು, E ಬಂತು, ಹಿಂದೆಯೇ ಬ್ಯಾಲೆನ್ಸ್ ಬಂತು. ಮೇಷ್ಟ್ರು ಅದನ್ನು ಚೀಟಿಯಲ್ಲಿ ಬರೆದುಕೊಳ್ಳುವಷ್ಟರಲ್ಲಿ 4ಜಿ ವಾಪಸ್ ಬಂದಿತ್ತು.

ಆ ಗುಪ್ತ ಪುಟ ಎಲ್ಲ ಫೋನಲ್ಲೂ ತೆರೆಯುವುದಿಲ್ಲ. ಮಾಮೂಲಿ ಸೆಟ್ಟಿಂಗ್ಸ್‌ನಲ್ಲೇ ಆ ಸಿಮ್‌ನ ಒಳಗೆ ಹೋಗಿ ನೆಟ್‌ವರ್ಕ್ ಟೈಪ್ ಆಟೋ ಇದೆಯಾ ನೋಡಿ. ಅಲ್ಲೇ ಕೆಲವು ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ "Allow 2G" ಅಂತ ಒಂದು ಸ್ವಿಚ್ ಇರುತ್ತದೆ. ನಕಲಿ ಟವರ್ ಕಾಟ ತಪ್ಪಿಸಲು 2ಜಿ ಆಫ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಅವರು ಹೇಳುವುದರಲ್ಲಿ ಹುರುಳಿದೆ, ಆದರೆ ಅದರ ಜೊತೆಗೇ ಬ್ಯಾಲೆನ್ಸ್ ಕೋಡ್ ಕೂಡ ಹೋಗಬಹುದು ಅಂತ ಯಾರೂ ಹೇಳಲ್ಲ. ಐಫೋನ್‌ನಲ್ಲಿ ಐಒಎಸ್ 17ರಿಂದ ಲಾಕ್‌ಡೌನ್ ಮೋಡ್ ಹಾಕಿದರೂ 2ಜಿ ಬಂದ್. ಕೋಡ್ ಬೇಕಾದಾಗ ಆನ್ ಮಾಡಿ, ಆಮೇಲೆ ಆಫ್ ಮಾಡಿಕೊಳ್ಳಿ.

ಇದರ ಒಂದು ತಮ್ಮ ಇದ್ದಾನೆ, ವೈಫೈ ಕಾಲಿಂಗ್. ಮನೆ ಒಳಗೆ ಟವರ್ ಸಿಗ್ನಲ್ ಒಂದು ಕಡ್ಡಿಯೂ ಇಲ್ಲ, ಆದರೂ ವೈಫೈ ಮೇಲೆ ಕಾಲ್ ಬರುತ್ತಿರುತ್ತದೆ. ಕೋಡಿಗೆ ಟವರೇ ಬೇಕಾದರೆ ಎಲ್ಲಿಂದ ತರುವುದು? ವೈಫೈ ಕಾಲಿಂಗ್ ಆಫ್ ಮಾಡಿ, ಟೆರೇಸಿಗೆ ಹೋಗಿ ಒತ್ತಿ ನೋಡಿ.

ಇನ್ನು ನೆಟ್‌ವರ್ಕ್ ಕಡೆಗೆ ಬರೋಣ. ಇಲ್ಲೂ ಗಡಿಯಾರ ಮತ್ತು ಆ ಸಿಗ್ನಲ್ ಗುರುತು ಎರಡೇ ಸಾಕ್ಷಿ. 4ಜಿ ಹೋಗಿ E ಬಂತು, ಚಕ್ರ ತುಂಬಾ ಹೊತ್ತು ಸುತ್ತಿತು, ಆಮೇಲೆ ಮೆಸೇಜ್ ಬಂತು ಅಂದರೆ ಫೋನ್ ತನ್ನ ಕೆಲಸ ಮಾಡಿದೆ. ಆ ಕಡೆಯ ಸರ್ವರ್ ಉತ್ತರ ಕೊಟ್ಟಿಲ್ಲ, ಇಲ್ಲವೇ ನಡುವೆ 2ಜಿ ಸಿಗ್ನಲ್ ಬಿದ್ದುಹೋಗಿದೆ. ಅರ್ಧ ಗಂಟೆ ಬಿಟ್ಟು ಜಾಗ ಬದಲಿಸಿ ಒತ್ತಿ. E ಬಂದ ತಕ್ಷಣ ಪಟ್ ಅಂತ ಮೆಸೇಜ್ ಬಂದರೆ ಸರ್ವರ್ ಕೋಡ್ ನೋಡಿಯೇ ಬೇಡ ಅಂದಿರುವ ಸಾಧ್ಯತೆ ಜಾಸ್ತಿ. ಪೋಸ್ಟ್‌ಪೇಯ್ಡ್ ನಂಬರಿನಿಂದ ಪ್ರೀಪೇಯ್ಡ್ ಕೋಡ್ ಒತ್ತಿದಾಗ, ಕಂಪನಿ ಹಳೇ ಕೋಡ್ ಕೈಬಿಟ್ಟಾಗ ಹೀಗಾಗುತ್ತದೆ. ಕೆಲವನ್ನು ಸರ್ಕಾರವೇ ನಿಲ್ಲಿಸಿದೆ. ಕಾಲ್ ಫಾರ್ವರ್ಡ್ ಮಾಡುವ `*401#` ಸೇವೆಯನ್ನು ವಂಚಕರು ಬಳಸುತ್ತಿದ್ದರು ಅಂತ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ನಿಲ್ಲಿಸಲು ಹೇಳಿತು. ಅದು ಹೋಗಲಿಲ್ಲ ಅಂದರೆ ಫೋನ್ ರಿಪೇರಿಗೆ ತರಬೇಡಿ. ಯಾರಾದರೂ ಅಪರಿಚಿತರು ಫೋನ್ ಮಾಡಿ ಅಂಥ ಕೋಡ್ ಒತ್ತಿ ಅಂದಿದ್ದರೆ, ಎರರ್ ಬಂದದ್ದೇ ನಿಮ್ಮ ಪುಣ್ಯ.

ಫೋನೋ ನೆಟ್‌ವರ್ಕೋ ಅಂತ ಕೇಳಿದ್ದೀರಲ್ಲ, ಅದಕ್ಕೆ ನನ್ನ ಹತ್ತಿರ ಇರುವ ಯಂತ್ರ ಒಂದು ಹಳೇ 2ಜಿ ಕೀಪ್ಯಾಡ್ ಸೆಟ್. ಅದಕ್ಕೆ 4ಜಿಯೂ ಗೊತ್ತಿಲ್ಲ, ವೈಫೈಯೂ ಗೊತ್ತಿಲ್ಲ, ಕೆಡಿಸುವಂಥ ಸೆಟ್ಟಿಂಗ್ ಇರುವುದೇ ಕಮ್ಮಿ. ಅಪ್ಪನ ಸಿಮ್ ತೆಗೆದು ಅಂಥದ್ದಕ್ಕೆ ಹಾಕಿ, ಸಿಗ್ನಲ್ ಬಂದ ಮೇಲೆ ಅದೇ ಕೋಡ್ ಒತ್ತಿ. ಜಿಯೋ ಸಿಮ್ ಅದರಲ್ಲಿ ನಡೆಯಲ್ಲ, ಉಳಿದವು ನಡೆಯುತ್ತವೆ. ಬ್ಯಾಲೆನ್ಸ್ ಬಂತೋ, ತಪ್ಪು ದೊಡ್ಡ ಫೋನಿನದು. ಮೇಲೆ ಹೇಳಿದ ಸೆಟ್ಟಿಂಗ್‌ಗಳಲ್ಲೇ ಹುಡುಕಿ. ಅದರಲ್ಲೂ ಬರದಿದ್ದರೆ ಆ ಸಿಮ್‌ನಿಂದಲೇ 198ಕ್ಕೆ ಕಾಲ್ ಮಾಡಿ ದೂರು ಕೊಡಿ. ಯಾವ ಕೋಡ್, ಎಷ್ಟು ಗಂಟೆಗೆ, ಯಾವ ಊರಲ್ಲಿ ಒತ್ತಿದಿರಿ ಅಂತ ಹೇಳಿ. ಬೇರೆ ಫೋನಲ್ಲೂ ಹಾಕಿ ನೋಡಿದ್ದೇವೆ ಅನ್ನುವುದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ "ಫೋನ್ ಆಫ್ ಮಾಡಿ ಆನ್ ಮಾಡಿ ಸರ್" ಅನ್ನುವುದರಲ್ಲೇ ಐದು ನಿಮಿಷ ಹೋಗುತ್ತದೆ. ದೂರಿನ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ.