ಪ್ಯಾಸಿವ್ ಆದರೆ ಕೊನೆಯ ವರ್ಬ್ ನೋಡಿ, ರಿಪೋರ್ಟೆಡ್ ಆದರೆ ಮೊದಲನೆಯದು

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸ್. ಆ್ಯಕ್ಟಿವ್‌–ಪ್ಯಾಸಿವ್ ಮತ್ತು ರಿಪೋರ್ಟೆಡ್ ಸ್ಪೀಚ್ ವರ್ಕ್‌ಶೀಟ್ ಬರೆದು ಮುಗಿಸಿದ್ದಾಳೆ. ಉತ್ತರ ಕೊಟ್ಟಿಲ್ಲ, ನಾನೇ ನೋಡಬೇಕು. ನಾನು ಓದಿದ್ದು ಕನ್ನಡ ಮೀಡಿಯಂ, ಟೆನ್ಸ್‌ಗಳ ಹೆಸರೆಲ್ಲ ಮರೆತುಹೋಗಿದೆ. ನಾವಿರುವುದು ಸೋಮವಾರಪೇಟೆಯಿಂದ ಒಳಗೆ, ಹತ್ತಿರ ಟ್ಯೂಷನ್ ಇಲ್ಲ. ಸರಿ ಇದೆಯಾ ಇಲ್ವಾ ಅಂತ ಹೇಗೆ ತಿಳಿಯೋದು?

ಉತ್ತರ:

ಟೆನ್ಸ್‌ಗಳ ಹೆಸರು ಮರೆತಿದ್ದರೆ ಏನೂ ತೊಂದರೆ ಇಲ್ಲ. ಬರೆಯುವವರಿಗೆ ಆ ದೊಡ್ಡ ಚಾರ್ಟ್ ಬೇಕಾಗಬಹುದು, ತಿದ್ದುವವರಿಗೆ ಬೇಡ. ನಾನು ವಿರಾಜಪೇಟೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಶೀಟ್ ತಿದ್ದುವಾಗ ಮೊದಲು ಕಣ್ಣು ಹಾಕುವುದು ಒಂದೇ ಜಾಗಕ್ಕೆ. ಪ್ಯಾಸಿವ್ ಆದರೆ ವರ್ಬ್‌ಗಳ ಸಾಲಿನ ಕೊನೆಗೆ, ರಿಪೋರ್ಟೆಡ್ ಆದರೆ ಅದೇ ಸಾಲಿನ ಮೊದಲಿಗೆ.

ಸಾಲು ಅಂದರೆ ವಾಕ್ಯದಲ್ಲಿ ಒಟ್ಟಿಗೆ ಬರುವ ವರ್ಬ್‌ಗಳು. ‘ಹ್ಯಾವ್ ಪಿಕ್ಡ್’ ಎರಡು ಪದದ ಸಾಲು. ‘ಆರ್ ಡ್ರೈಯಿಂಗ್’ ಕೂಡ ಎರಡು. ‘ಬ್ರೋಕ್’ ಒಂದೇ ಪದ, ಅದೇ ಮೊದಲು, ಅದೇ ಕೊನೆ. ಮೊದಲು ಪೆನ್ಸಿಲ್ ತಗೊಂಡು ಪ್ರಶ್ನೆ ಮತ್ತು ಉತ್ತರ ಎರಡರಲ್ಲೂ ಈ ಸಾಲಿನ ಕೆಳಗೆ ಗೆರೆ ಎಳೆಯಿರಿ.

ಈಗ ಪ್ಯಾಸಿವ್. ಸಾಲಿನ ಕೊನೆಯ ವರ್ಬ್ ಥರ್ಡ್ ಫಾರ್ಮ್‌ಗೆ ಹೋಗಬೇಕು, ಅಂದರೆ ಮಕ್ಕಳು ‘ವಿ ತ್ರೀ’ ಅನ್ನುತ್ತಾರಲ್ಲ, ಅದು. ಅದರ ಮುಂಚೆ ಒಂದು ‘ಬಿ’ ಬರಬೇಕು. ಆ ‘ಬಿ’ ಯಾವ ರೂಪದಲ್ಲಿರಬೇಕು? ಕೊನೆಯ ವರ್ಬ್ ಕಳಚಿಟ್ಟ ಅಂಗಿಯನ್ನೇ ಅದು ತೊಟ್ಟುಕೊಳ್ಳುತ್ತದೆ. ಮೊದಲು ‘ಇಂಗ್’ ಇತ್ತಾ, ‘ಬೀಯಿಂಗ್’ ಆಗುತ್ತದೆ. ಥರ್ಡ್ ಫಾರ್ಮ್ ಇತ್ತಾ, ‘ಬೀನ್’. ‘ವಿಲ್’, ‘ಕ್ಯಾನ್’ ಆದಮೇಲೆ ಬರುವ ಬರೀ ಮೂಲ ರೂಪ ಇತ್ತಾ, ‘ಬಿ’. ಸೆಕೆಂಡ್ ಫಾರ್ಮ್ ಇದ್ದರೆ ‘ವಾಸ್’ ಅಥವಾ ‘ವರ್’. ಪ್ರೆಸೆಂಟ್ ಇದ್ದರೆ ‘ಆ್ಯಮ್’, ‘ಈಸ್’, ‘ಆರ್’. ಇಷ್ಟೇ.

ನಮ್ಮ ಕಡೆಯ ವಾಕ್ಯವನ್ನೇ ತೆಗೆದುಕೊಳ್ಳೋಣ. ‘ದೇ ಆರ್ ಡ್ರೈಯಿಂಗ್ ದಿ ಕಾಫಿ.’ ಕಣದಲ್ಲಿ ಕಾಫಿ ಒಣಗಿಸುತ್ತಿದ್ದಾರೆ. ಕೊನೆಯ ವರ್ಬ್ ‘ಡ್ರೈಯಿಂಗ್’. ಅದು ‘ಡ್ರೈಡ್’ ಆಗಬೇಕು, ಅದರ ‘ಇಂಗ್’ ‘ಬೀಯಿಂಗ್’ಗೆ ಹೋಗಬೇಕು. ಕಾಫಿ ಒಂದೇ ಆದ್ದರಿಂದ ‘ಆರ್’ ಹೋಗಿ ‘ಈಸ್’ ಬರುತ್ತದೆ. ‘ದಿ ಕಾಫಿ ಈಸ್ ಬೀಯಿಂಗ್ ಡ್ರೈಡ್.’ ಮಗಳು ‘ಈಸ್ ಡ್ರೈಡ್’ ಅಂತ ಬರೆದಿದ್ದರೆ ‘ಇಂಗ್’ ಎಲ್ಲೋ ಕಳೆದುಹೋಗಿದೆ, ತಪ್ಪು. ‘ಈಸ್ ಬೀನ್ ಡ್ರೈಡ್’ ಅಂತ ಬರೆದಿದ್ದರೆ ಅದೂ ತಪ್ಪು, ಯಾಕೆಂದರೆ ಪ್ರಶ್ನೆಯಲ್ಲಿ ಥರ್ಡ್ ಫಾರ್ಮ್ ಇರಲೇ ಇಲ್ಲ. ಕಿವಿಗೆ ಎರಡೂ ಒಂದೇ ಥರ ಕೇಳುವುದರಿಂದ ‘ಬೀನ್’ ಮತ್ತು ‘ಬೀಯಿಂಗ್’ ಅದಲುಬದಲಾಗುವುದು ತುಂಬಾ ಜಾಸ್ತಿ. ಓದಿ ನೋಡುವುದಲ್ಲ, ಅಕ್ಷರ ನೋಡಿ.

ಇನ್ನೊಂದು. ‘ದಿ ವರ್ಕರ್ಸ್ ಹ್ಯಾವ್ ಪಿಕ್ಡ್ ದಿ ಪೆಪ್ಪರ್.’ ಇಲ್ಲಿ ಕೊನೆಯದು ಆಗಲೇ ಥರ್ಡ್ ಫಾರ್ಮ್. ಹಾಗಾಗಿ ‘ಬೀನ್’. ‘ದಿ ಪೆಪ್ಪರ್ ಹ್ಯಾಸ್ ಬೀನ್ ಪಿಕ್ಡ್ ಬೈ ದಿ ವರ್ಕರ್ಸ್.’ ಇಲ್ಲಿ ‘ಹ್ಯಾವ್’ ಅನ್ನು ಹಾಗೇ ಬಿಟ್ಟಿದ್ದರೆ ಗುರುತು ಹಾಕಿ. ಕೆಲಸಗಾರರು ಹಲವರು, ಕರಿಮೆಣಸು ಒಂದು. ಹೊಸ ಸಬ್ಜೆಕ್ಟ್ ಯಾವುದೋ ಅದಕ್ಕೇ ಸಾಲಿನ ಮೊದಲ ಪದ ಹೊಂದಬೇಕು.

ಸುಲಭದ ಒಂದು ಪರೀಕ್ಷೆ ಇದೆ. ಪ್ಯಾಸಿವ್ ಸಾಲಿನಲ್ಲಿ ಆ್ಯಕ್ಟಿವ್‌ಗಿಂತ ಒಂದು ಪದ ಹೆಚ್ಚು ಇರಬೇಕು. ‘ಬ್ರೋಕ್’ ಒಂದು, ‘ವಾಸ್ ಬ್ರೋಕನ್’ ಎರಡು. ‘ಹ್ಯಾವ್ ಪಿಕ್ಡ್’ ಎರಡು, ‘ಹ್ಯಾಸ್ ಬೀನ್ ಪಿಕ್ಡ್’ ಮೂರು. ಲೆಕ್ಕ ತಪ್ಪಿದರೆ ಅಲ್ಲೇ ನಿಲ್ಲಿ. ಇದು ತಪ್ಪುದಾರಿ ಹಿಡಿಸುವುದು ಮುಖ್ಯವಾಗಿ ‘ಡು’, ‘ಡಸ್’, ‘ಡಿಡ್’ ಇದ್ದಾಗ. ಅವು ಪ್ಯಾಸಿವ್‌ನಲ್ಲಿ ಮಾಯ ಆಗುತ್ತವೆ, ಆ ಜಾಗಕ್ಕೆ ‘ಬಿ’ ಬರುತ್ತದೆ. ‘ಡಿಡ್ ದಿ ಎಲಿಫೆಂಟ್ ಬ್ರೇಕ್ ದಿ ಫೆನ್ಸ್?’ ಅನ್ನುವುದು ‘ವಾಸ್ ದಿ ಫೆನ್ಸ್ ಬ್ರೋಕನ್ ಬೈ ದಿ ಎಲಿಫೆಂಟ್?’ ಆಗುತ್ತದೆ. ಎರಡರಲ್ಲೂ ಎರಡೆರಡೇ ಪದ. ಉತ್ತರದಲ್ಲಿ ‘ಡಿಡ್’ ಇನ್ನೂ ಕುಳಿತಿದ್ದರೆ ತಪ್ಪು.

ಥರ್ಡ್ ಫಾರ್ಮ್ ಸರಿ ಇದೆಯಾ ಅನ್ನುವುದು ಬೇರೆ ವಿಷಯ. ‘ವಾಸ್ ಬ್ರೋಕ್’, ‘ವಾಸ್ ಟುಕ್’, ‘ವಾಸ್ ಸಾ’ ಇವೆಲ್ಲ ಸೆಕೆಂಡ್ ಫಾರ್ಮ್. ಬರಬೇಕಾದ್ದು ‘ಬ್ರೋಕನ್’, ‘ಟೇಕನ್’, ‘ಸೀನ್’. ಇದಕ್ಕೆ ಉಪಾಯ ಏನೂ ಇಲ್ಲ, ಡಿಕ್ಷನರಿಯ ಹಿಂದಿನ ಪಟ್ಟಿ ತೆಗೆದು ನೋಡಬೇಕು.

ನಿಮ್ಮಂಥವರು ಸರಿ ಉತ್ತರವನ್ನೇ ತಪ್ಪು ಅಂತ ಹೊಡೆದುಬಿಡುವ ಜಾಗಗಳೂ ಇವೆ. ‘ದಿ ಎಲಿಫೆಂಟ್ ಈಸ್ ಲುಕ್ಡ್ ಆಫ್ಟರ್ ಬೈ ದಿ ಮಹೌಟ್.’ ದುಬಾರೆಯ ಮಾವುತನ ಮೇಲೆ ಬರೆದ ವಾಕ್ಯ ಅಂದುಕೊಳ್ಳಿ. ‘ಆಫ್ಟರ್ ಬೈ’ ಒಟ್ಟಿಗೆ ನೋಡಿದರೆ ಯಾರಿಗಾದರೂ ಒಂದನ್ನು ಅಳಿಸುವ ಅನ್ನಿಸುತ್ತದೆ. ಅಳಿಸಬೇಡಿ. ‘ಲುಕ್ ಆಫ್ಟರ್’ ಜೋಡಿ ಪದ, ‘ಆಫ್ಟರ್’ ಬಿಟ್ಟರೆ ಅರ್ಥವೇ ಹೋಗುತ್ತದೆ. ಹಾಗೇ ‘ಬೈ ದೆಮ್’, ‘ಬೈ ಸಮ್‌ವನ್’ ಬರೆದಿಲ್ಲ ಅಂತ ಅಂಕ ಕಳೆಯಬೇಡಿ. ಯಾರು ಮಾಡಿದರು ಅನ್ನುವುದು ಮುಖ್ಯ ಅಲ್ಲದಿದ್ದರೆ ಅದನ್ನು ಬಿಡುವುದೇ ಒಳ್ಳೆಯ ಇಂಗ್ಲಿಷ್. ಬರೆದಿದ್ದರೆ ಮಾತ್ರ ‘ಬೈ ದೇ’ ಅಂತ ಇಲ್ಲ ತಾನೇ ನೋಡಿ.

ಕೆಲವು ಶೀಟ್‌ಗಳಲ್ಲಿ ಪ್ರಶ್ನೆಯೇ ತಪ್ಪಿರುತ್ತದೆ. ‘ದಿ ಎಲಿಫೆಂಟ್ಸ್ ಕೇಮ್ ಇಂಟು ದಿ ಎಸ್ಟೇಟ್’ ಅನ್ನುವುದನ್ನು ಪ್ಯಾಸಿವ್ ಮಾಡಲು ಆಗುವುದಿಲ್ಲ. ಬಂದವು, ಸರಿ, ಏನನ್ನು ಬಂದವು? ‘ಏನನ್ನು’, ‘ಯಾರನ್ನು’ ಅಂತ ಕೇಳಿದಾಗ ಉತ್ತರ ಸಿಗದ ವಾಕ್ಯ ಬದಲಾಗುವುದಿಲ್ಲ. ಮಗಳು ಖಾಲಿ ಬಿಟ್ಟಿದ್ದರೆ ಅವಳೇ ಸರಿ.

ರಿಪೋರ್ಟೆಡ್ ಸ್ಪೀಚ್‌ಗೆ ಬರೋಣ. ನಮ್ಮ ಮಕ್ಕಳು ಎಡವುವುದು ಇಲ್ಲಿ ಜಾಸ್ತಿ, ಅದಕ್ಕೆ ಕಾರಣ ಇದೆ. ನಾವು ‘ನಾಳೆ ನಾನು ಬರ್ತೀನಿ ಅಂತ ಅವನು ಹೇಳಿದ’ ಅನ್ನುತ್ತೇವೆ. ಅವನ ‘ನಾನು’ ಹಾಗೇ ಇರುತ್ತದೆ, ‘ನಾಳೆ’ ಹಾಗೇ, ಕಾಲವೂ ಹಾಗೇ. ‘ಅಂತ’ ಹಾಕಿದರೆ ಕೆಲಸ ಮುಗಿಯಿತು. ಅದೇ ರೂಢಿಯಲ್ಲಿ ಮಕ್ಕಳು ‘ಹೀ ಸೆಡ್ ದಟ್ ಐ ವಿಲ್ ಕಮ್ ಟುಮಾರೋ’ ಅಂತ ಬರೆದು, ಅದು ಸರಿ ಅಂತಲೇ ನಂಬಿರುತ್ತಾರೆ. ಇಂಗ್ಲಿಷ್‌ನಲ್ಲಿ ಆ ‘ಐ’ ಅಂದರೆ ಈಗ ಬರೆಯುತ್ತಿರುವವಳೇ ಆಗಿಬಿಡುತ್ತಾಳೆ.

ಮೊದಲು ಕೋಟ್ಸ್‌ನ ಹೊರಗೆ ನೋಡಿ. ‘ಸೇಸ್’ ಇದ್ದರೆ ಒಳಗಿನ ಕಾಲ ಬದಲಾಗುವುದಿಲ್ಲ. ‘ಸೆಡ್’ ಇದ್ದರೆ ಮಾತ್ರ ಸಾಲಿನ ಮೊದಲ ವರ್ಬ್ ಒಂದು ಹೆಜ್ಜೆ ಹಿಂದೆ ಹೋಗಬೇಕು. ‘ಈಸ್’ ‘ವಾಸ್’ ಆಗುತ್ತದೆ, ‘ಹ್ಯಾಸ್’ ‘ಹ್ಯಾಡ್’, ‘ವಿಲ್’ ‘ವುಡ್’, ‘ಕ್ಯಾನ್’ ‘ಕುಡ್’. ಮೊದಲೇ ಸೆಕೆಂಡ್ ಫಾರ್ಮ್ ಇದ್ದರೆ ‘ಹ್ಯಾಡ್’ ಜೊತೆ ಥರ್ಡ್ ಫಾರ್ಮ್ ಬರಬೇಕು. ಥರ್ಡ್ ಫಾರ್ಮ್ ಜೊತೆಗಿರುವ ‘ಹ್ಯಾಡ್’, ಇಲ್ಲವೇ ‘ಕುಡ್’, ‘ವುಡ್’, ‘ಶುಡ್’ ಆಗಲೇ ಇದ್ದರೆ ಅವು ಅಲ್ಲಾಡುವುದಿಲ್ಲ. ಸಾಲಿನ ಉಳಿದ ಪದಗಳನ್ನು ಮುಟ್ಟುವಂತಿಲ್ಲ. ಮೊದಲಿನ ಉದಾಹರಣೆಯನ್ನೇ ಯಾರೋ ಹೇಳಿದರು ಅಂದುಕೊಳ್ಳಿ: ‘ಹೀ ಸೆಡ್ ದಟ್ ದಿ ಕಾಫಿ ವಾಸ್ ಬೀಯಿಂಗ್ ಡ್ರೈಡ್.’ ‘ಈಸ್’ ಮಾತ್ರ ‘ವಾಸ್’ ಆಯಿತು. ‘ಬೀಯಿಂಗ್ ಡ್ರೈಡ್’ ಹಾಗೇ ಉಳಿಯಿತು.

ಪ್ರಶ್ನೆವಾಕ್ಯಗಳಲ್ಲಿ ಒಂದರ ಮೇಲೊಂದು ತಪ್ಪು ಬೀಳುತ್ತದೆ, ಅದಕ್ಕೆ ಒಂದನ್ನು ಪೂರ್ತಿ ತಿದ್ದೋಣ. ಮಳೆಗಾಲದ ನಮ್ಮೂರಿಗೆ ತಕ್ಕ ವಾಕ್ಯ: ದಿ ಟೀಚರ್ ಸೆಡ್ ಟು ಮೀ, ‘ವೇರ್ ಡಿಡ್ ಯು ಕೀಪ್ ಮೈ ಅಂಬ್ರೆಲಾ?’ ಹುಡುಗಿಯ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ‘ದಿ ಟೀಚರ್ ಆಸ್ಕ್ಡ್ ಟು ಮೀ ದಟ್ ವೇರ್ ಡಿಡ್ ಐ ಕೆಪ್ಟ್ ಹರ್ ಅಂಬ್ರೆಲಾ?’

ಸರಿ ಇರುವುದನ್ನು ಮೊದಲು ನೋಡಿ. ‘ಯು’ ‘ಐ’ ಆಗಿದೆ, ‘ಮೈ’ ‘ಹರ್’ ಆಗಿದೆ. ಯಾರು ಯಾರಿಗೆ ಹೇಳಿದರು ಅನ್ನುವುದು ಅವಳಿಗೆ ಗೊತ್ತಿದೆ. ‘ಸೆಡ್ ಟು’ ಅನ್ನು ‘ಆಸ್ಕ್ಡ್’ ಮಾಡಿದ್ದೂ ಸರಿ, ಆದರೆ ಆಮೇಲೆ ‘ಟು’ ಬೇಡ. ‘ದಟ್’ ಕೂಡ ಬೇಡ, ‘ವೇರ್’ ಇದ್ದಮೇಲೆ ಅದೇ ಕೊಂಡಿ. ‘ಡಿಡ್’ ಹೋಗಬೇಕು, ಹೋಗುವಾಗ ತನ್ನ ಹಿಂದಿನ ಕಾಲವನ್ನು ‘ಕೀಪ್’ಗೆ ಕೊಡುತ್ತದೆ. ‘ಡಿಡ್ ಕೀಪ್’ ಅಂದರೆ ‘ಕೆಪ್ಟ್’, ಅದು ಒಂದು ಹೆಜ್ಜೆ ಹಿಂದಕ್ಕೆ ‘ಹ್ಯಾಡ್ ಕೆಪ್ಟ್’. ‘ಐ’ ಅದಕ್ಕಿಂತ ಮುಂಚೆ ಬರಬೇಕು. ಕೊನೆಗೆ ಪ್ರಶ್ನೆ ಚಿಹ್ನೆ ತೆಗೆದು ಫುಲ್‌ಸ್ಟಾಪ್. ‘ದಿ ಟೀಚರ್ ಆಸ್ಕ್ಡ್ ಮೀ ವೇರ್ ಐ ಹ್ಯಾಡ್ ಕೆಪ್ಟ್ ಹರ್ ಅಂಬ್ರೆಲಾ.’

ಇದಕ್ಕೆ ನಾನು ಮಾಡುವ ಪರೀಕ್ಷೆ: ‘ವೇರ್’ ತನಕ ಬೆರಳಲ್ಲಿ ಮುಚ್ಚಿ. ಉಳಿದದ್ದು ಸಾದಾ ಹೇಳಿಕೆಯ ಹಾಗೆ ಓದಿಸಬೇಕು. ‘ಐ ಹ್ಯಾಡ್ ಕೆಪ್ಟ್ ಹರ್ ಅಂಬ್ರೆಲಾ’, ಹೌದು, ಹೇಳಿಕೆ. ‘ಡಿಡ್ ಐ’ ಅಂತ ಶುರುವಾದರೆ ಇನ್ನೂ ಪ್ರಶ್ನೆಯಾಗಿಯೇ ಇದೆ. ಹೌದು–ಇಲ್ಲ ಉತ್ತರದ ಪ್ರಶ್ನೆಗಳಿಗೆ ‘ಇಫ್’ ಅಥವಾ ‘ವೆದರ್’ ತನಕ ಮುಚ್ಚಿ, ಅದೇ ಪರೀಕ್ಷೆ. ಎರಡರಲ್ಲಿ ಯಾವುದು ಹಾಕಿದರೂ ಸರಿ.

‘ಮಾಡು’, ‘ಮಾಡಬೇಡ’ ಅನ್ನುವ ವಾಕ್ಯಗಳು ಬೇಗ ಮುಗಿಯುತ್ತವೆ. ಕಾಲದ ತಂಟೆ ಇಲ್ಲ, ‘ಟು’ ಅಥವಾ ‘ನಾಟ್ ಟು’ ಸಾಕು. ಫಾರೆಸ್ಟ್ ಗಾರ್ಡ್ ‘ಡೋಂಟ್ ಗೋ ನಿಯರ್ ದಿ ಎಲಿಫೆಂಟ್’ ಅಂದರೆ ‘ದಿ ಗಾರ್ಡ್ ಟೋಲ್ಡ್ ಅಸ್ ನಾಟ್ ಟು ಗೋ ನಿಯರ್ ದಿ ಎಲಿಫೆಂಟ್’. ‘ಟು ಡೋಂಟ್ ಗೋ’ ಅಂತ ಕಂಡರೆ ಗೆರೆ ಎಳೆಯಿರಿ.

‘ಟುಮಾರೋ’ ‘ದಿ ನೆಕ್ಸ್ಟ್ ಡೇ’ ಆಗಿದೆಯಾ, ‘ಹಿಯರ್’ ‘ದೇರ್’ ಆಗಿದೆಯಾ, ಕೊನೆಯಲ್ಲಿ ನೋಡಿ. ಹೇಳಿದ ದಿನವೇ, ಅದೇ ಜಾಗದಲ್ಲಿ ತಿಳಿಸುತ್ತಿದ್ದರೆ ಬದಲಿಸಬೇಕಾಗಿಲ್ಲ. ಆದರೆ ವರ್ಕ್‌ಶೀಟ್‌ನಲ್ಲಿ ಆ ವಿವರ ಇರುವುದಿಲ್ಲ, ಹಾಗಾಗಿ ಬದಲಿಸಿರುವುದನ್ನೇ ಸರಿ ಅನ್ನಿ. ಟೀಚರ್ ‘ದಿ ಕಾವೇರಿ ರೈಸಸ್ ಅಟ್ ತಲಕಾವೇರಿ’ ಅಂದರು ಅನ್ನುವಂಥ ವಾಕ್ಯದಲ್ಲಿ ಮಗಳು ‘ರೈಸಸ್’ ಅನ್ನು ಹಾಗೇ ಬಿಟ್ಟಿದ್ದರೆ ಅದನ್ನು ತಿದ್ದಬೇಡಿ, ಇವತ್ತಿಗೂ ನಿಜವಾಗಿರುವ ಮಾತಿಗೆ ಹಿಂದಿನ ಹೆಜ್ಜೆ ಬೇಡ. ‘ರೋಸ್’ ಅಂತ ಬರೆದಿದ್ದರೆ ವ್ಯಾಕರಣದ ತಪ್ಪೇನೂ ಅಲ್ಲ, ಆದರೆ ಶಾಲೆಯಲ್ಲಿ ಎದುರು ನೋಡುವುದು ‘ರೈಸಸ್’ ಅನ್ನೇ.